ಒಂದೇ ತೆರಿಗೆ ಒಪ್ಪಂದ, ಎರಡು ದೇಶಗಳ ಓದು: ಏಕತಾವಾದ, ದ್ವಿತ್ವವಾದ ಮತ್ತು ನೆಸ್ಲೆ ತೀರ್ಪು

ಸರ್ಕಾರವು ಇನ್ನೊಂದು ದೇಶದೊಡನೆ ಮಾಡಿಕೊಂಡ ಒಪ್ಪಂದವನ್ನು ಒಬ್ಬ ಕಕ್ಷಿದಾರ ತನ್ನ ದೇಶದ ನ್ಯಾಯಾಲಯದ ಮುಂದಿಟ್ಟು, 'ಇದರಲ್ಲಿ ನನಗೊಂದು ಹಕ್ಕು ಸಿಕ್ಕಿದೆ, ಕೊಡಿಸಿ' ಎಂದು ಕೇಳಬಹುದೇ? ಮೋನಿಸಂ ಎಂದು ಕರೆಯಲಾಗುವ ಏಕತಾವಾದವನ್ನು ಅನುಸರಿಸುವ ದೇಶದಲ್ಲಿ ಕೇಳಬಹುದು, ಏಕೆಂದರೆ ಅಲ್ಲಿ ಸರಿಯಾದ ರೀತಿಯಲ್ಲಿ ಅನುಮೋದನೆಗೊಂಡು ಪ್ರಕಟವಾದ ಒಪ್ಪಂದವು ದೇಶದ ಕಾನೂನಿನ ಭಾಗವೇ ಆಗಿರುತ್ತದೆ. ಡ್ಯುಯಲಿಸಂ, ಅಂದರೆ ದ್ವಿತ್ವವಾದದ ದೇಶದಲ್ಲಿ ಒಪ್ಪಂದ ಬೇರೆ, ಕಾನೂನು ಬೇರೆ. ಮೊದಲನೆಯದು ಎರಡನೆಯದಾಗಬೇಕಾದರೆ ದೇಶದೊಳಗೆ ಇನ್ನೊಂದು ಕ್ರಿಯೆ ನಡೆಯಲೇಬೇಕು. ಪಠ್ಯಗಳಲ್ಲಿ ಸಾಮಾನ್ಯವಾಗಿ ಇಷ್ಟನ್ನು ಹೇಳಿ, ಏಕತಾವಾದದ ದೇಶಗಳು ಅಂತರರಾಷ್ಟ್ರೀಯ ಕಾನೂನಿಗೆ ಹೆಚ್ಚು ಗೌರವ ಕೊಡುತ್ತವೆ ಎಂಬ ಅಭಿಪ್ರಾಯವನ್ನೂ ಸೇರಿಸಿಬಿಡುತ್ತಾರೆ. ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಎರಡರ ನಡುವಿನ ನಿಜವಾದ ವ್ಯತ್ಯಾಸವಿರುವುದು ಸಂಸತ್ತು ಯಾವಾಗ ಮಾತಾಡುತ್ತದೆ ಎಂಬುದರಲ್ಲಿ. ಭಾರತ ಮತ್ತು ನೆದರ್‌ಲ್ಯಾಂಡ್ಸ್ ನಡುವಿನ ಒಂದು ತೆರಿಗೆ ಒಪ್ಪಂದವನ್ನು ಎರಡೂ ದೇಶಗಳು ಓದಿದ ರೀತಿಯಲ್ಲಿ, ಅದರ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ 2023ರಲ್ಲಿ ಕೊಟ್ಟ ನೆಸ್ಲೆ ತೀರ್ಪಿನಲ್ಲಿ, ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ನೆದರ್‌ಲ್ಯಾಂಡ್ಸ್. ಅಲ್ಲಿನ ಸಂವಿಧಾನದ 91ನೇ ವಿಧಿಯ ಪ್ರಕಾರ ಸಂಸತ್ತಿನ ಪೂರ್ವಾನುಮೋದನೆಯಿಲ್ಲದೆ ದೇಶವು ಒಪ್ಪಂದಕ್ಕೆ ಬದ್ಧವಾಗುವಂತಿಲ್ಲ. ಕೆಲವು ಸಂದರ್ಭಗಳಲ್ಲಿ ಸಂಸತ್ತಿನ ಮೌನವನ್ನೂ ಅನುಮೋದನೆ ಎಂದು ಪರಿಗಣಿಸಬಹುದು, ಆದರೆ ವಿಷಯ ಸಂಸತ್ತಿನ ಮುಂದೆ ಹೋಗುವುದು ನಿಯಮ. 93ನೇ ವಿಧಿಯ ಪ್ರಕಾರ, ತಮ್ಮ ಒಳಾಂಶದಿಂದಲೇ ಎಲ್ಲರಿಗೂ ಅನ್ವಯಿಸಬಲ್ಲ ಷರತ್ತುಗಳು ಪ್ರಕಟಣೆಯ ನಂತರ ನೇರವಾಗಿ ಜಾರಿಗೆ ಬರುತ್ತವೆ. 94ನೇ ವಿಧಿ ಇನ್ನೂ ಮುಂದೆ ಹೋಗಿ, ಅಂಥ ಷರತ್ತಿಗೆ ವಿರುದ್ಧವಾದ ದೇಶೀಯ ಕಾನೂನನ್ನು ಅನ್ವಯಿಸಬಾರದು ಎನ್ನುತ್ತದೆ. ಅದೇ ಸಂವಿಧಾನದ 120ನೇ ವಿಧಿಯು ಸಂಸತ್ತಿನ ಕಾಯ್ದೆ ಸಂವಿಧಾನಬದ್ಧವೇ ಎಂದು ಪರಿಶೀಲಿಸಲು ನ್ಯಾಯಾಧೀಶರಿಗೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಅಲ್ಲಿನ ನ್ಯಾಯಾಧೀಶರು ಸಂವಿಧಾನದ ಹೆಸರಿನಲ್ಲಿ ಮಾಡಲಾಗದ್ದನ್ನು ಒಪ್ಪಂದದ ಹೆಸರಿನಲ್ಲಿ ಮಾಡಬಲ್ಲರು. ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಗೆ ಡಚ್ ನ್ಯಾಯಾಲಯಗಳಲ್ಲಿ ಅಷ್ಟು ತೂಕ ಬಂದಿರುವುದಕ್ಕೆ ಇದೂ ಒಂದು ಕಾರಣ. ಆದರೆ 'ಎಲ್ಲರಿಗೂ ಅನ್ವಯಿಸಬಲ್ಲ' ಎಂಬುದು ಒಂದು ನಿಜವಾದ ಮಿತಿ. ಸರ್ಕಾರಗಳು ಪರಸ್ಪರ ಸಹಕರಿಸತಕ್ಕದ್ದು ಎಂಬಂಥ ಮಾತು ಈ ಮಿತಿಯನ್ನು ದಾಟಲಾರದು. ಲಾಭಾಂಶದ ಮೇಲಿನ ತೆರಿಗೆ ಶೇ 10ನ್ನು ಮೀರಬಾರದು ಎಂಬ ಖಚಿತವಾದ ಮಾತು ಸುಲಭವಾಗಿ ದಾಟುತ್ತದೆ.

ಭಾರತದಲ್ಲಿ ಕ್ರಮ ತಿರುಗುಮುರುಗಾಗಿದೆ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ 73ನೇ ವಿಧಿಯಡಿ ಕಾರ್ಯಾಂಗದ್ದು, ಅದಕ್ಕೆ ಸಂಸತ್ತಿನ ಪೂರ್ವಾನುಮೋದನೆ ಬೇಕಾಗಿಲ್ಲ. ಆ ಒಪ್ಪಂದವು ಜನರ ಹಕ್ಕುಗಳನ್ನು ಅಥವಾ ಇರುವ ಕಾನೂನನ್ನು ಮುಟ್ಟುವುದಾದರೆ ಮಾತ್ರ 253ನೇ ವಿಧಿಯಡಿ ಸಂಸತ್ತು ಕಾನೂನು ಮಾಡಬೇಕಾಗುತ್ತದೆ. ಸಂಸತ್ತನ್ನು ಕೇಳದೆ ಮಂತ್ರಿಮಂಡಲ ಹೊರದೇಶದಲ್ಲಿ ಹಾಕಿದ ಸಹಿಯೇ ಕಾನೂನಾಗಿಬಿಟ್ಟರೆ ಶಾಸನ ಮಾಡುವ ಅಧಿಕಾರ ಸಂಸತ್ತಿನ ಕೈತಪ್ಪಿದಂತೆಯೇ. ಆದ್ದರಿಂದ ನಮ್ಮ ದ್ವಿತ್ವವಾದದ ಹಿಂದೆ ಇರುವುದು ಜಗತ್ತಿನ ಬಗೆಗಿನ ಅಸಡ್ಡೆಯಲ್ಲ, ಸಂಸತ್ತಿನ ರಕ್ಷಣೆ. 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಾಲ ತೀರಿಸಲಾಗದವನನ್ನು ಜೈಲಿಗೆ ಕಳಿಸಬಾರದೆನ್ನುವ ಅಂತರರಾಷ್ಟ್ರೀಯ ಒಡಂಬಡಿಕೆಯು ನೇರವಾಗಿ ಜಾರಿಯಾಗದು ಎಂದು ಒಪ್ಪಿಕೊಂಡೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಸೆಕ್ಷನ್ನನ್ನು ಅದಕ್ಕೆ ಹೊಂದುವಂತೆ ಓದಿದರು. ದ್ವಿತ್ವವಾದದೊಳಗಿದ್ದುಕೊಂಡೇ ನ್ಯಾಯಾಧೀಶರು ಎಷ್ಟು ದೂರ ನಡೆಯಬಹುದು ಎಂಬುದಕ್ಕೆ ಅದು ಇಂದಿಗೂ ಒಳ್ಳೆಯ ಮಾದರಿ.

ತೆರಿಗೆಯ ವಿಷಯದಲ್ಲಿ ಪ್ರತಿ ಒಪ್ಪಂದಕ್ಕೂ ಒಂದೊಂದು ಕಾಯ್ದೆ ಮಾಡುವುದು ಕಷ್ಟವಾದ್ದರಿಂದ ಸಂಸತ್ತು ಒಂದು ಅಡ್ಡದಾರಿಯನ್ನು ಒದಗಿಸಿತು. 2026ರ ಮಾರ್ಚ್ ಕೊನೆಯವರೆಗಿನ ಕಾನೂನಾದ 1961ರ ಆದಾಯ ತೆರಿಗೆ ಕಾಯ್ದೆಯ 90ನೇ ಸೆಕ್ಷನ್ನಿನ ಮೊದಲ ಉಪಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರವು ವಿದೇಶದೊಡನೆ ಒಪ್ಪಂದ ಮಾಡಿಕೊಂಡು, ಅದರ ಜಾರಿಗೆ ಬೇಕಾದ ವ್ಯವಸ್ಥೆಯನ್ನು ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಮೂಲಕ ಮಾಡಬಹುದಿತ್ತು. ಎರಡನೆಯ ಉಪಸೆಕ್ಷನ್ ಪ್ರಕಾರ, ಕಾಯ್ದೆ ಮತ್ತು ಒಪ್ಪಂದಗಳಲ್ಲಿ ತೆರಿಗೆದಾರನಿಗೆ ಯಾವುದು ಅನುಕೂಲವೋ ಅದು ಅನ್ವಯಿಸುತ್ತಿತ್ತು. ಒಮ್ಮೆ ಅಧಿಸೂಚನೆಯಾದ ಒಪ್ಪಂದಕ್ಕೆ ಎಷ್ಟು ಬಲ ಬರುತ್ತದೆ ಎಂಬುದನ್ನು ಬೆಂಗಳೂರಿನ ತೆರಿಗೆ ವಕೀಲರಿಗೆ ಹೇಳಿಕೊಡಬೇಕಾಗಿಲ್ಲ. ವಿದೇಶಿ ಸಾಫ್ಟ್‌ವೇರ್ ಖರೀದಿಗೆ ಕೊಟ್ಟ ಹಣ ರಾಯಲ್ಟಿಯೇ, ಅಂದರೆ ಕೃತಿಯ ಹಕ್ಕನ್ನು ಬಳಸಿದ್ದಕ್ಕೆ ಕೊಡುವ ಸಂಭಾವನೆಯೇ, ಎಂಬ ಪ್ರಶ್ನೆಗೆ ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೌದು ಎಂದಿತ್ತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಒಪ್ಪಂದದಲ್ಲಿರುವ ರಾಯಲ್ಟಿಯ ವ್ಯಾಖ್ಯೆಯೇ ಅನ್ವಯಿಸುತ್ತದೆ, ಕಾಯ್ದೆಗೆ ಆಮೇಲೆ ಸೇರಿಸಿದ ವಿಸ್ತೃತ ವಿವರಣೆಯಿಂದ ತೆರಿಗೆದಾರನಿಗೆ ತೊಂದರೆ ಕೊಡುವಂತಿಲ್ಲ ಎಂದಿತು. ಅಂದರೆ ಅಧಿಸೂಚನೆ ಎಂಬ ಬಾಗಿಲನ್ನು ದಾಟಿ ಒಳಬಂದ ಒಪ್ಪಂದವನ್ನು ದ್ವಿತ್ವವಾದದ ಭಾರತವೂ ಏಕತಾವಾದದ ದೇಶದಂತೆಯೇ ನಡೆಸಿಕೊಳ್ಳುತ್ತದೆ. ಜಗಳವೆಲ್ಲ ಬಾಗಿಲಿನಲ್ಲೇ.

ಈಗ ಪ್ರಕರಣಕ್ಕೆ ಬರೋಣ. ಭಾರತ ಮತ್ತು ನೆದರ್‌ಲ್ಯಾಂಡ್ಸ್ 1988ರಲ್ಲಿ ದ್ವಿತೆರಿಗೆ ತಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿದವು. 1989ರಲ್ಲಿ ಭಾರತ ಅದನ್ನು ಅಧಿಸೂಚನೆಯ ಮೂಲಕ ಜಾರಿಗೊಳಿಸಿತು. ಒಪ್ಪಂದದ ಜೊತೆಗಿದ್ದ ಪ್ರೋಟೊಕಾಲ್‌ನಲ್ಲಿ, ಎಂಎಫ್‌ಎನ್ ಷರತ್ತು, ಅಂದರೆ 'ಅತ್ಯಂತ ಅನುಕೂಲ ಪಡೆದ ದೇಶ'ದ ಷರತ್ತು, ಎಂದು ತೆರಿಗೆಯವರು ಕರೆಯುವ ಒಂದು ಮಾತಿತ್ತು. ಬಹುತೇಕ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ ಸದಸ್ಯನಾಗಿರುವ ಮೂರನೆಯ ದೇಶಕ್ಕೆ ಭಾರತವು ಮುಂದೆ ಯಾವುದಾದರೂ ಒಪ್ಪಂದದಲ್ಲಿ ಲಾಭಾಂಶ, ಬಡ್ಡಿ, ರಾಯಲ್ಟಿ ಮೊದಲಾದವುಗಳ ಮೇಲೆ ಇದಕ್ಕಿಂತ ಕಡಿಮೆ ದರ ಒಪ್ಪಿಕೊಂಡರೆ, ಆ ಒಪ್ಪಂದ ಜಾರಿಗೆ ಬಂದ ದಿನದಿಂದ ಅದೇ ದರ ಡಚ್ಚರಿಗೂ ಅನ್ವಯಿಸುತ್ತದೆ ಎಂಬುದು ಅದರ ಸಾರ. ಇದರ ಫಲವಾಗಿ ಲಾಭಾಂಶದ ದರ ಶೇ 10ಕ್ಕೆ ಇಳಿದು ಬಂದಿತ್ತು. ಇನ್ನೊಂದೆಡೆ, ಭಾರತ ಮತ್ತು ಸ್ಲೊವೇನಿಯಾ ನಡುವೆ 2003ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ, ಕನಿಷ್ಠ ಶೇ 10ರಷ್ಟು ಷೇರು ಹೊಂದಿದ ಕಂಪನಿಗೆ ಲಾಭಾಂಶದ ದರ ಶೇ 5. ಆಗ ಸ್ಲೊವೇನಿಯಾ ಒಇಸಿಡಿ ಸದಸ್ಯನಾಗಿರಲಿಲ್ಲ. ಸದಸ್ಯನಾದದ್ದು 2010ರ ಜುಲೈ 21ರಂದು. ಲಿಥುವೇನಿಯಾ ಮತ್ತು ಕೊಲಂಬಿಯಾಗಳ ಕಥೆಯೂ ಹೀಗೆಯೇ: ಮೊದಲು ಭಾರತದೊಡನೆ ಒಪ್ಪಂದ, ನಂತರ 2018 ಮತ್ತು 2020ರಲ್ಲಿ ಸದಸ್ಯತ್ವ.

ನೆದರ್‌ಲ್ಯಾಂಡ್ಸ್ ಈ ಪ್ರಶ್ನೆಯನ್ನು ಬೇಗನೆ ಮುಗಿಸಿತು. ಸ್ಲೊವೇನಿಯಾ ಸದಸ್ಯನಾದ ದಿನದಿಂದ ಶೇ 5ರ ದರ ಅನ್ವಯಿಸುತ್ತದೆ ಎಂದು 2012ರಲ್ಲಿ ಅಲ್ಲಿನ ಸರ್ಕಾರ ಆದೇಶ ಹೊರಡಿಸಿತು. ಷರತ್ತು ಪ್ರೋಟೊಕಾಲ್‌ನಲ್ಲಿದೆ, ಪ್ರೋಟೊಕಾಲ್ ಕಾನೂನಿನ ಭಾಗವಾಗಿದೆ, ಇನ್ನೇನು ಬೇಕು ಎಂಬುದು ಅವರ ದೃಷ್ಟಿ.

ಭಾರತದಲ್ಲಿ 2020ರ ಏಪ್ರಿಲ್‌ನಿಂದ ಲಾಭಾಂಶದ ತೆರಿಗೆ ಕಂಪನಿಯಿಂದ ಷೇರುದಾರನ ಮೇಲೆ ವರ್ಗಾವಣೆಯಾದದ್ದರಿಂದ ಪ್ರಶ್ನೆ ನಿಜವಾದ ಹಣದ ಪ್ರಶ್ನೆಯಾಯಿತು. ಭಾರತದ ಕಂಪನಿಯೊಂದು ತನ್ನ ಡಚ್ ಮಾತೃಸಂಸ್ಥೆಗೆ ನೂರು ಕೋಟಿ ರೂಪಾಯಿ ಲಾಭಾಂಶ ಕಳಿಸುವುದಾದರೆ ಮೂಲದಲ್ಲೇ ಕಡಿತ ಮಾಡಬೇಕಾದದ್ದು ಹತ್ತು ಕೋಟಿಯೇ, ಐದು ಕೋಟಿಯೇ? ಕಾನ್ಸೆಂಟ್ರಿಕ್ಸ್ ಎಂಬ ಬಹುರಾಷ್ಟ್ರೀಯ ಕಂಪನಿಯ ಡಚ್ ಸಂಸ್ಥೆಯು ಆದಾಯ ತೆರಿಗೆ ಕಾಯ್ದೆಯ 197ನೇ ಸೆಕ್ಷನ್ನಿನಡಿ ಕಡಿಮೆ ದರದ ಕಡಿತಕ್ಕೆ ಪ್ರಮಾಣಪತ್ರ ಕೇಳಿತು. ಅಧಿಕಾರಿ ಶೇ 10 ಎಂದು ಬರೆದುಕೊಟ್ಟರು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಶೇ 5 ಎಂದಿತು, ಮತ್ತು ತನ್ನ ತರ್ಕದಲ್ಲಿ ಡಚ್ ಆದೇಶವನ್ನೂ ಗಣನೆಗೆ ತೆಗೆದುಕೊಂಡಿತು. ನೆಸ್ಲೆ ಮೊದಲಾದ ಕಂಪನಿಗಳ ಪ್ರಕರಣಗಳೂ ಇದೇ ಹಾದಿ ಹಿಡಿದು ಸುಪ್ರೀಂ ಕೋರ್ಟ್ ತಲುಪಿದವು.

2023ರ ಅಕ್ಟೋಬರ್ 19ರಂದು ನ್ಯಾಯಮೂರ್ತಿಗಳಾದ ರವೀಂದ್ರ ಭಟ್ ಮತ್ತು ದೀಪಂಕರ್ ದತ್ತ ಅವರ ಪೀಠವು ತೆರಿಗೆ ಇಲಾಖೆಯ ಪರ ತೀರ್ಪು ಕೊಟ್ಟಿತು. ಅದರಲ್ಲಿ ಎರಡು ನಿರ್ಣಯಗಳಿವೆ, ಅವನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಒಂದು, ಮೂರನೆಯ ದೇಶ ಭಾರತದೊಡನೆ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೇ ಒಇಸಿಡಿ ಸದಸ್ಯನಾಗಿರಬೇಕು, ಆಮೇಲೆ ಸೇರಿದರೆ ಸಾಲದು. ಎರಡು, ಷರತ್ತಿನ ಲಾಭ ತಾನಾಗಿಯೇ ಬರುವುದಿಲ್ಲ, ಅದಕ್ಕೆ 90ನೇ ಸೆಕ್ಷನ್ನಿನಡಿ ಪ್ರತ್ಯೇಕ ಅಧಿಸೂಚನೆ ಕಡ್ಡಾಯ. ಹಿಂದೆ ಜರ್ಮನಿ, ಸ್ವೀಡನ್ ಮೊದಲಾದ ದೇಶಗಳಿಗೆ ಕಡಿಮೆ ದರ ಕೊಟ್ಟಾಗ ಅದನ್ನು ಡಚ್ಚರಿಗೆ ವಿಸ್ತರಿಸಲು ಭಾರತವು 1999ರಲ್ಲಿ ಅಧಿಸೂಚನೆ ಹೊರಡಿಸಿತ್ತು ಎಂಬುದನ್ನು ನ್ಯಾಯಾಲಯ ಆಧಾರವಾಗಿ ತೆಗೆದುಕೊಂಡಿತು. ಒಪ್ಪಂದವು ನೇರವಾಗಿ ಕಾನೂನಾಗುವ ದೇಶಗಳ ರೂಢಿಯಿಂದ ಭಾರತದ ಸಂವಿಧಾನದ ಪ್ರಶ್ನೆಗೆ ಉತ್ತರ ಹುಡುಕಲಾಗದು ಎಂದೂ ಹೇಳಿತು.

ಮೊದಲ ನಿರ್ಣಯವನ್ನು ನಾನು ಒಪ್ಪುತ್ತೇನೆ. ಸ್ಲೊವೇನಿಯಾ ಒಂದು ಸಂಸ್ಥೆಗೆ ಸೇರಿದ ಮಾತ್ರಕ್ಕೆ, ಭಾರತದ ಯಾವ ಅಂಗವೂ ಯಾವ ತೀರ್ಮಾನವನ್ನೂ ಮಾಡದೆ, ಭಾರತದ ತೆರಿಗೆ ದರ ಬದಲಾಗಬಾರದು ಎಂಬುದರಲ್ಲಿ ಬಲವಿದೆ. ಪ್ರಕರಣ ತೀರ್ಮಾನವಾಗಲು ಅಷ್ಟೇ ಸಾಕಾಗಿತ್ತು.

ಎರಡನೆಯದು ನನಗೆ ನುಂಗಲಾರದ ತುತ್ತು. ದ್ವಿತ್ವವಾದದ ಬೇಡಿಕೆ ಒಪ್ಪಂದವು ದೇಶದ ಕಾನೂನಿನ ಬಾಗಿಲನ್ನು ಒಮ್ಮೆ ದಾಟಬೇಕು ಎಂಬುದು. 1989ರಲ್ಲಿ ಒಪ್ಪಂದವೂ ಪ್ರೋಟೊಕಾಲ್ ಸಮೇತ ಆ ಬಾಗಿಲನ್ನು ದಾಟಿತ್ತು. 'ಆ ದಿನದಿಂದ ಅದೇ ದರ ಅನ್ವಯಿಸುತ್ತದೆ' ಎಂಬ ಮಾತೇ ಅಧಿಸೂಚಿತ ಕಾನೂನಿನೊಳಗೆ ಕುಳಿತಿರುವಾಗ, ಅದು ಕೆಲಸ ಮಾಡಲು ಇನ್ನೊಂದು ಅಧಿಸೂಚನೆ ಬೇಕೆನ್ನುವುದು ಷರತ್ತನ್ನೇ ಸರ್ಕಾರದ ಇಚ್ಛೆಗೆ ಒಪ್ಪಿಸಿದಂತೆ. ಅದಕ್ಕಿಂತ ಗಂಭೀರವಾದದ್ದು, ಈ ಎರಡನೆಯ ಅಧಿಸೂಚನೆಯನ್ನು ಹೊರಡಿಸುವವರು ಯಾರು ಎಂಬುದು. ಸಂಸತ್ತಲ್ಲ, ಒಪ್ಪಂದಕ್ಕೆ ಸಹಿ ಹಾಕಿದ ಅದೇ ಕೇಂದ್ರ ಸರ್ಕಾರ. ಕಾರ್ಯಾಂಗದಿಂದ ಸಂಸತ್ತನ್ನು ಕಾಪಾಡಲು ಹುಟ್ಟಿದ ತತ್ವವು, ಕಾರ್ಯಾಂಗವು ಹೊರದೇಶಕ್ಕೆ ಕೊಟ್ಟ ಮಾತನ್ನು ಒಳಗೆ ಸುಮ್ಮನೆ ಕುಳಿತು ತಡೆಹಿಡಿಯಲು ಅವಕಾಶ ಕೊಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಂಸತ್ತು ಮೊದಲೇ ಮಾತಾಡಿರುತ್ತದೆ. ಸಾಂಪ್ರದಾಯಿಕ ದ್ವಿತ್ವವಾದದಲ್ಲಿ ಅದು ನಂತರ ಮಾತಾಡುತ್ತದೆ. ನಮ್ಮ ತೆರಿಗೆ ಒಪ್ಪಂದಗಳಲ್ಲಿ ಸಂಸತ್ತು 90ನೇ ಸೆಕ್ಷನ್ ಬರೆದಾಗ ಒಮ್ಮೆ ಮಾತಾಡಿದ್ದು ಬಿಟ್ಟರೆ, ಯಾವ ಒಪ್ಪಂದದ ಬಗ್ಗೆಯೂ ಮೊದಲು ಅಥವಾ ನಂತರ ಮಾತಾಡಬೇಕಾದ ಅಗತ್ಯವೇ ಬರುವುದಿಲ್ಲ.

ತೀರ್ಪಿನ ಬಿಸಿ ವಿದೇಶಿ ಕಂಪನಿಗಳಿಗಷ್ಟೇ ತಟ್ಟಲಿಲ್ಲ. ಸ್ವಿಟ್ಜರ್‌ಲ್ಯಾಂಡ್ ಕೂಡ ಭಾರತದೊಡನೆ ಇಂಥದೇ ಷರತ್ತು ಹೊಂದಿದ್ದು, ತನ್ನ ಕಡೆಯಿಂದ ಶೇ 5ರ ದರವನ್ನು ಒಪ್ಪಿಕೊಂಡಿತ್ತು. ಭಾರತ ಹಾಗೆ ಓದುವುದಿಲ್ಲವಾದರೆ ತಾನೂ ಓದಬೇಕಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಘೋಷಿಸಿ, 2025ರ ಜನವರಿ 1ರಿಂದ ಆ ಷರತ್ತಿನ ಅನ್ವಯವನ್ನು ತನ್ನ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಸ್ವಿಸ್ ಕಂಪನಿಯಲ್ಲಿ ಹೂಡಿಕೆ ಮಾಡಿದ ಭಾರತೀಯ ಕಂಪನಿಯ ಲಾಭಾಂಶದ ಮೇಲಿನ ಮಿತಿ ಮತ್ತೆ ಶೇ 10ಕ್ಕೆ ಹೋಯಿತು. ಒಂದು ದೇಶದ ಒಳಗಿನ ಕಾನೂನು ಏನೇ ಹೇಳಲಿ, ಹೊರಗೆ ಕೊಟ್ಟ ಮಾತಿನ ಹೊಣೆ ಆ ದೇಶದ ಮೇಲೆ ಉಳಿದೇ ಇರುತ್ತದೆ. ಎದುರಿನ ದೇಶ ಭಾರತದ ಅಧಿಸೂಚನೆಗಳನ್ನು ನೋಡುವುದಿಲ್ಲ, ಭಾರತದ ನಡವಳಿಕೆಯನ್ನು ನೋಡುತ್ತದೆ.

ಇದನ್ನು ಸರಿಪಡಿಸಲು ಏಕತಾವಾದಕ್ಕೆ ಬದಲಾಗಬೇಕಿಲ್ಲ. ಪ್ರತಿ ತೆರಿಗೆ ಒಪ್ಪಂದದ ಮೂಲ ಅಧಿಸೂಚನೆಯಲ್ಲೇ, ಎಂಎಫ್‌ಎನ್ ಷರತ್ತು ತಾನಾಗಿ ಜಾರಿಯಾಗುತ್ತದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕೆಂದು ಸಂಸತ್ತು ಕಾಯ್ದೆಯಲ್ಲಿ ವಿಧಿಸಬಹುದು. ತಾನಾಗಿ ಆಗುವುದಿಲ್ಲ ಎನ್ನುವುದಾದರೆ, ಮೂರನೆಯ ದೇಶದ ಒಪ್ಪಂದ ಜಾರಿಗೆ ಬಂದ ಇಂತಿಷ್ಟು ತಿಂಗಳೊಳಗೆ ಸರ್ಕಾರವು ಅಧಿಸೂಚನೆ ಹೊರಡಿಸಬೇಕು, ಇಲ್ಲವೇ ಹೊರಡಿಸದಿರುವುದಕ್ಕೆ ಕಾರಣವನ್ನು ಎರಡೂ ಸದನಗಳ ಮುಂದಿಡಬೇಕು ಎಂದು ಗಡುವು ಹಾಕಬಹುದು. ಆಗ ಸಹಿ ಹಾಕುವ ಮೊದಲೇ ಎದುರಿನ ದೇಶಕ್ಕೆ ತಾನು ಏನನ್ನು ಪಡೆಯುತ್ತಿದ್ದೇನೆ ಎಂದು ಗೊತ್ತಿರುತ್ತದೆ, ಪ್ರಮಾಣಪತ್ರ ಬರೆಯುವ ಅಧಿಕಾರಿಗೂ ಯಾವ ದರ ಬರೆಯಬೇಕೆಂದು ಗೊತ್ತಿರುತ್ತದೆ.