ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು!

ನಿನ್ನೆ ರಾತ್ರಿ ತಮ್ಮನ ಜೊತೆ ಕೂತು ಒಂದು ಹೊಸ ರೊಮ್ಯಾಂಟಿಕ್ ಕಾಮಿಡಿ ನೋಡಿದೆ. ಹೆಸರು ಹೇಳಲ್ಲ, ಅದಕ್ಕೆ ಪುಕ್ಕಟೆ ಪ್ರಚಾರ ಬೇರೆ ಕೇಡು. ನನ್ನನ್ನು ಬಲ್ಲವರಿಗೆ ಗೊತ್ತೇ ಇದೆ, ಈ ಥರದ ಸಿನಿಮಾ ಎಂದರೆ ನಾನು ನಿದ್ದೆ ಬಿಟ್ಟು ಕೂರುವವಳು. ತಮ್ಮ ಮಾತ್ರ ಹತ್ತು ನಿಮಿಷಕ್ಕೊಮ್ಮೆ ‘ಅಕ್ಕಾ, ಈಗ ಇಬ್ಬರೂ ಡಿಕ್ಕಿ ಹೊಡೀತಾರೆ ನೋಡು’, ‘ಅಕ್ಕಾ, ಈಗ ಜಗಳ’, ‘ಅಕ್ಕಾ, ಈಗ ಇವನು ಏರ್‌ಪೋರ್ಟಿಗೆ ಓಡ್ತಾನೆ’ ಎನ್ನುತ್ತಲೇ ಇದ್ದ. ಎಲ್ಲವೂ ಹಾಗೇ ಆಯಿತು, ಅದು ಬೇರೆ ಮಾತು. ಕೊನೆಗೆ ದೊಡ್ಡ ಪಂಡಿತನ ಹಾಗೆ ‘ಎಲ್ಲಾ ಮೊದಲೇ ಗೊತ್ತಾಗುತ್ತೆ, ಅದಕ್ಕೇ ಚೆನ್ನಾಗಿಲ್ಲ’ ಎಂದು ಎದ್ದು ಹೋದ.

ಚೆನ್ನಾಗಿರಲಿಲ್ಲ, ಒಪ್ಪಿದೆ. ಆದರೆ ಅವನು ಕೊಟ್ಟ ಕಾರಣ ಕೇಳಿ ಮೈ ಉರಿದುಹೋಯಿತು. ಇಬ್ಬರೂ ಕೊನೆಗೆ ಒಂದಾಗುತ್ತಾರೆ ಅಂತ ಪೋಸ್ಟರ್ ನೋಡಿದಾಗಲೇ ಗೊತ್ತಿತ್ತಲ್ಲ ಮಾರಾಯಾ, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ನಗ್ತಾ ಇದ್ದರು! ಗೊತ್ತಿದ್ದೇ ಕೂತದ್ದು. ಕೆಟ್ಟದ್ದು ಬೇರೆ ಕಡೆ.

ಏನಾಯಿತೆಂದರೆ, ಹೀರೋ ಯಾರನ್ನೋ ತಬ್ಬಿಕೊಂಡಿದ್ದನ್ನು ಹೀರೋಯಿನ್ ದೂರದಿಂದ ನೋಡುತ್ತಾಳೆ. ಅದು ಅವನ ತಂಗಿ. ಇವಳು ಕೇಳುವುದಿಲ್ಲ, ಅವನು ಹೇಳುವುದಿಲ್ಲ, ಫೋನ್ ಆಫ್, ಮಳೆ, ಹಾಡು. ‘ಅವಳು ನನ್ನ ತಂಗಿ’ ಅನ್ನಲು ಮೂರು ಪದ ಸಾಕು. ಅದಕ್ಕೆ ಅರ್ಧ ಗಂಟೆ ಅಳು. ಕಥೆಯಲ್ಲಿರುವವರೆಲ್ಲ ದಡ್ಡರಾಗಿದ್ದಕ್ಕೇ ಮುಂದೆ ಸಾಗುವ ಕಥೆಗೆ ‘ಇಡಿಯಟ್ ಪ್ಲಾಟ್’ ಎನ್ನುತ್ತಾರೆ. ವಿಮರ್ಶಕ ರೋಜರ್ ಎಬರ್ಟ್ ಈ ಮಾತನ್ನು ಬಳಸಿ ಬಳಸಿ ಎಲ್ಲರ ಬಾಯಿಗೂ ತಂದರು. ಬೈಯೋದಾದರೆ ಇದಕ್ಕೆ ಬೈಯಪ್ಪಾ.

ಅಪಾರ್ಥ ಹೇಗಿರಬೇಕು ಅಂತ ನೋಡಬೇಕಾದರೆ ನಾನು ಯಾವಾಗಲೂ ಓಡುವುದು 1940ರ ‘ದಿ ಶಾಪ್ ಅರೌಂಡ್ ದ ಕಾರ್ನರ್’ ಸಿನಿಮಾಕ್ಕೆ. ಅರ್ನ್ಸ್ಟ್ ಲುಬಿಚ್ ನಿರ್ದೇಶನ, ಬುಡಾಪೆಸ್ಟಿನ ಒಂದು ಅಂಗಡಿಯ ಕಥೆ. (ಹೌದು, ಮತ್ತೆ ಅದೇ. ಕಳೆದ ಸಲ ಕಾಮೆಂಟಿನಲ್ಲಿ ಗೊಣಗಿದವರು ಸ್ಕ್ರಾಲ್ ಮಾಡಿಕೊಂಡು ಮುಂದೆ ಹೋಗಬಹುದು.) ಕ್ರಾಲಿಕ್ ಅಲ್ಲಿ ಹಳೆಯ ನೌಕರ. ಕ್ಲಾರಾ ಕೆಲಸ ಕೇಳಿಕೊಂಡು ಬರುತ್ತಾಳೆ, ಅವನು ಗಿರಾಕಿ ಅಂದುಕೊಂಡು ನಯವಾಗಿ ಮಾತಾಡಿಸುತ್ತಾನೆ. ಮುಚ್ಚಳ ತೆಗೆದರೆ ಹಾಡುವ ಒಂದು ಸಿಗರೇಟ್ ಡಬ್ಬಿ ಅಲ್ಲಿರುತ್ತದೆ. ಅಂಗಡಿ ಯಜಮಾನನಿಗೆ ಅದು ತುಂಬಾ ಇಷ್ಟ, ಇದನ್ನು ಯಾರೂ ಕೊಳ್ಳುವುದಿಲ್ಲ ಅಂತ ಕ್ರಾಲಿಕ್‌ನ ವಾದ. ಕ್ಲಾರಾ ಅವನ ಕಣ್ಣೆದುರೇ ಅದನ್ನು ಮಿಠಾಯಿ ಡಬ್ಬಿ ಅಂತ ಮಾರಿಬಿಡುತ್ತಾಳೆ. ಮುಚ್ಚಳ ತೆಗೆದಾಗಲೆಲ್ಲ ಹಾಡು ಬಂದರೆ ಜಾಸ್ತಿ ತಿನ್ನುತ್ತಿದ್ದೀರಿ ಅಂತ ನೆನಪಿಸುತ್ತದಲ್ಲ, ಅದಕ್ಕೆ! ಅವಳಿಗೆ ಕೆಲಸ ಸಿಕ್ಕಿತು, ಅವನಿಗೆ ಶತ್ರು ಸಿಕ್ಕಳು.

ಇಂಥ ಸಿನಿಮಾದಲ್ಲಿ ಜೋಡಿ ಮೊದಲ ಸಲ ತಮಾಷೆಯಾಗಿ ಎದುರಾಗುವುದಕ್ಕೆ ಮೀಟ್ ಕ್ಯೂಟ್ ಅಂತಾರಲ್ಲ, ಅದೆಂದರೆ ಇದು. ಕಾಫಿ ಚೆಲ್ಲುವುದು, ಪುಸ್ತಕ ಬೀಳಿಸುವುದು, ಬಗ್ಗಿ ಎತ್ತುವಾಗ ತಲೆಗೆ ತಲೆ ಗುದ್ದುವುದು, ಇವೆಲ್ಲ ಬರೀ ಅಪಘಾತಗಳು. ಡಬ್ಬಿಯ ದೃಶ್ಯದಲ್ಲಿ ಇಡೀ ಸಿನಿಮಾ ಮಡಚಿಟ್ಟಂತಿದೆ. ಎದುರಿಗಿರುವುದರ ಬೆಲೆ ಅವನಿಗೆ ಕಾಣುವುದಿಲ್ಲ, ಅವಳು ಮಾತಿನಲ್ಲೇ ಒಂದನ್ನು ಇನ್ನೊಂದು ಮಾಡಿಬಿಡುತ್ತಾಳೆ.

ಇನ್ನು ಅಪಾರ್ಥ. ಇಬ್ಬರೂ ಹೆಸರು ಗೊತ್ತಿಲ್ಲದ ಒಬ್ಬೊಬ್ಬ ಗೆಳೆಯರಿಗೆ ಕಾಗದ ಬರೆಯುತ್ತಿರುತ್ತಾರೆ. ಒಬ್ಬರು ಇನ್ನೊಬ್ಬರಿಗೇ ಬರೆಯುತ್ತಿದ್ದಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ಹಗಲೆಲ್ಲ ಕಿತ್ತಾಟ, ಕಾಗದದಲ್ಲಿ ಪ್ರೀತಿ. ಕೊನೆಗೊಂದು ರಾತ್ರಿ ಕೆಫೆಯಲ್ಲಿ ಭೇಟಿ ಅಂತ ನಿಗದಿಯಾಗುತ್ತದೆ. ಗುರುತಿಗೆ ಒಂದು ಪುಸ್ತಕ, ಒಂದು ಕೆಂಪು ಹೂವು. ಅವತ್ತೇ ಕ್ರಾಲಿಕ್‌ನ ಕೆಲಸ ಹೋಗಿರುತ್ತದೆ. ಒಳಗೆ ಹೋಗಲು ಧೈರ್ಯ ಸಾಲದೆ, ಜೊತೆಗೆ ಬಂದ ಗೆಳೆಯನಿಗೆ ಕಿಟಕಿಯಲ್ಲಿ ಇಣುಕಲು ಹೇಳುತ್ತಾನೆ. ಅಲ್ಲಿ ಕೂತಿರುವವಳು ಕ್ಲಾರಾ.

ನಿನ್ನೆಯ ಸಿನಿಮಾದವರ ಕೈಗೆ ಇದನ್ನು ಕೊಟ್ಟಿದ್ದರೆ ಕೊನೆಯ ಐದು ನಿಮಿಷದವರೆಗೂ ಇಬ್ಬರಿಗೂ ಗೊತ್ತಾಗದ ಹಾಗೆ ಎಳೆಯುತ್ತಿದ್ದರು. ಲುಬಿಚ್ ನಡುವೆಯೇ ಒಬ್ಬನಿಗೆ ಹೇಳಿಬಿಡುತ್ತಾನೆ. ಅಲ್ಲಿಗೆ ಅದು ಅಪಾರ್ಥವಲ್ಲ, ಗುಟ್ಟು. ಕ್ರಾಲಿಕ್ ಹೊರಟು ಹೋದವನು ಮತ್ತೆ ಬಂದು ಅವಳ ಮುಂದೆ ಕೂರುತ್ತಾನೆ, ಆದರೆ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ನಮಗೆ ಗೊತ್ತು. ಕೆಲಸ ಹೋಗಿದೆ, ಮಾನ ಹೋಗಿದೆ, ಅವಳು ಬೇರೆ ನೀನೊಬ್ಬ ಯಃಕಶ್ಚಿತ್ ಗುಮಾಸ್ತ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಾಳೆ. ಆ ಹೊತ್ತಿನಲ್ಲಿ ‘ಕಾಗದ ಬರೆದವನು ನಾನೇ’ ಅಂದರೆ ಅವನು ಕಳೆದುಕೊಳ್ಳುವುದು ಅವಳನ್ನು ಮಾತ್ರವಲ್ಲ, ಆ ಕಾಗದಗಳನ್ನೂ. ಇಲ್ಲಿಯೂ ಮೂರೇ ಪದದ ಕೆಲಸ, ಆದರೆ ಆ ಮೂರು ಪದಕ್ಕೆ ಬೆಲೆ ತೆರಬೇಕು. ತಂಗಿ ಅಂತ ಹೇಳಲು ಏನು ಬೆಲೆ ಸ್ವಾಮಿ?

ಇದನ್ನೇ ತಮ್ಮನಿಗೆ ಅರ್ಥ ಮಾಡಿಸಲು ನಿನ್ನೆ ಒದ್ದಾಡಿದ್ದು. ಕೊನೆ ಗೊತ್ತಿದ್ದರೆ ಏನಾಗುತ್ತೋ ಅನ್ನುವ ಆತಂಕ ಹೋಗುತ್ತದೆ, ಹೇಗಾಗುತ್ತೆ ಅನ್ನುವ ಕಡೆ ಕಣ್ಣು ಹೋಗುತ್ತದೆ. ಮುಂದೆ ಕ್ಲಾರಾ ಕಾಯಿಲೆ ಬಿದ್ದಾಗ ಕ್ರಾಲಿಕ್ ನೋಡಲು ಬರುತ್ತಾನೆ. ಆಗಲೇ ಕಾಗದ ಬರುತ್ತದೆ, ಅವನೇ ಬರೆದದ್ದು. ಅವನೆದುರೇ ಓದಿ ಅವಳ ಮುಖ ಅರಳುತ್ತದೆ, ಆದರೆ ಅವನ ಕಡೆ ಅಲ್ಲ. ಅವಳಿಗೆ ಗೊತ್ತಿಲ್ಲ, ಅವನಿಗೆ ಗೊತ್ತು, ಅವನಿಗೆ ಗೊತ್ತು ಅಂತ ನಮಗೆ ಗೊತ್ತು. ಕೊನೆಯನ್ನು ಮುಚ್ಚಿಟ್ಟ ಕಥೆಯಲ್ಲಿ ಈ ಸುಖ ಎಲ್ಲಿಂದ ಬರಬೇಕು?

2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್, ಕ್ರಿಸ್ಟನ್‌ಫೆಲ್ಡ್ ಎಂಬಿಬ್ಬರು 12 ಸಣ್ಣಕಥೆಗಳನ್ನು ಓದಿಸಿ ನೋಡಿದರು. ಕೊನೆ ಮೊದಲೇ ತಿಳಿದವರು ತುಸು ಜಾಸ್ತಿಯೇ ಮೆಚ್ಚಿಕೊಂಡರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಉಲ್ಟಾ ಉತ್ತರವೂ ಬಂದಿದೆ, ಹಾಗಾಗಿ ಇದನ್ನೇ ಹಿಡಿದು ವಾದ ಮಾಡಲ್ಲ. ನನ್ನ ಮಟ್ಟಿಗೆ ಆ ಕಾಗದದ ದೃಶ್ಯವನ್ನು ಹನ್ನೊಂದನೇ ಸಲ ನೋಡಿದಾಗಲೂ ಗಂಟಲು ಕಟ್ಟಿದ್ದೇ ಸಾಕು.

‘ನಿಜ ಜೀವನದಲ್ಲೂ ಜನ ಒಂದು ಮಾತು ಕೇಳದೆ ವರ್ಷಗಟ್ಟಲೆ ಮುನಿಸಿಕೊಳ್ಳುತ್ತಾರಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತೀರಿ. ಹೌದು, ಮುನಿಸಿಕೊಳ್ಳುತ್ತಾರೆ. ನಾನೇ ಒಬ್ಬ ಗೆಳತಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ, ಯಾರ ಬಗ್ಗೆಯೋ ಬರೆದ ಮೆಸೇಜನ್ನು ನನ್ನ ಬಗ್ಗೆ ಅಂದುಕೊಂಡು. ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ. ನೀನು ಇದನ್ನು ಓದುತ್ತಿದ್ದರೆ, ಸಾರಿ ಕಣೇ, ಇನ್ನೊಂದು ಸಲ. ಆದರೆ ನನ್ನ ಆ ಎರಡು ವರ್ಷ ನೋಡಲು ಯಾರೂ ಟಿಕೆಟ್ ತೆಗೆದುಕೊಂಡಿರಲಿಲ್ಲ. ಸಿನಿಮಾ ಮಾಡುವವರು ಅದಕ್ಕಿಂತ ಸ್ವಲ್ಪ ಜಾಸ್ತಿ ಕಷ್ಟಪಡಲಿ.

ಅಂದಹಾಗೆ ಆ ಹಳೇ ಸಿನಿಮಾದ ಕೊನೆಯಲ್ಲಿ ಏರ್‌ಪೋರ್ಟ್ ಇಲ್ಲ, ಓಟ ಇಲ್ಲ, ಮೈಕ್ ಹಿಡಿದು ಎಲ್ಲರೆದುರು ಪ್ರೀತಿ ಹೇಳುವುದೂ ಇಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಅಂಗಡಿಯಲ್ಲಿ ಇವರಿಬ್ಬರೇ. ಅವನು ಕೋಟಿಗೆ ಕೆಂಪು ಹೂವು ಸಿಕ್ಕಿಸಿಕೊಳ್ಳುತ್ತಾನೆ. ಅವಳು ಅಳುವುದಿಲ್ಲ, ಕಾಲು ಸೊಟ್ಟ ಇದೆಯೋ ನೋಡಬೇಕು, ಪ್ಯಾಂಟ್ ಸ್ವಲ್ಪ ಮೇಲೆತ್ತಿ ಅನ್ನುತ್ತಾಳೆ. ಅವನು ಎತ್ತಿ ತೋರಿಸುತ್ತಾನೆ.

ಈ ವಾರ ತಮ್ಮನನ್ನು ಹಿಡಿದು ಕೂರಿಸುತ್ತೇನೆ. ಬಾಯಿ ಬಿಟ್ಟರೆ ರಿಮೋಟ್ ತಲೆಗೆ.