ಒಂದು ಕೂಗಿನ ಲೆಕ್ಕ

ತವರಿಗೆ ಹೊರಡುವ ಮುನ್ನ ನನ್ನವಳು ಬಾಗಿಲಲ್ಲಿ ನಿಂತು ಹೇಳಿದ್ದು ಎರಡೇ ಮಾತು. "ರೀ, ಹಬೆ ಜೋರಾಗಿ ಬಂದ ಮೇಲೆ ವೇಟ್ ಹಾಕಿ. ಕಡಲೆಕಾಳಿಗೆ ನಾಲ್ಕು ಕೂಗು ಕೂಗಿಸಿ." ಮರುದಿನ ಮಧ್ಯಾಹ್ನ ನನ್ನ ಷಡ್ಡಕ ಊಟಕ್ಕೆ ಬರುವವನಿದ್ದ. ಮೂವತ್ತು ವರ್ಷದ ಹಿಂದೆ ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವನಿಗೆ ಕೂಗು ಎಣಿಸಿಕೊಂಡು ಅಡುಗೆ ಮಾಡು ಅನ್ನುವುದು ಅವಮಾನವಲ್ಲವೇ? ಕೂಗು ಯಾವ ಅಳತೆ? ಅದಕ್ಕೆ ಗ್ರಾಮೂ ಇಲ್ಲ, ನಿಮಿಷವೂ ಇಲ್ಲ. ಕುಕ್ಕರಿನೊಳಗೆ ಎಷ್ಟು ಡಿಗ್ರಿ ಎಂದು ಗೊತ್ತಾದರೆ ಬೇಯಲು ಎಷ್ಟು ಹೊತ್ತು ಎಂದು ನಾನೇ ಹೇಳಬಲ್ಲೆ ಎಂದುಕೊಂಡೆ.

ಒಳಗೆ ಥರ್ಮಾಮೀಟರ್ ಇಡುವಂತಿಲ್ಲ. ಆದರೆ ಒತ್ತಡ ತಿಳಿದರೆ ಉಷ್ಣತೆ ತಿಳಿದಂತೆ. ಒತ್ತಡ ತಿಳಿಯಲು ವೇಟ್ ಎಷ್ಟು ತೂಗುತ್ತದೆ, ಅದು ಕೂರುವ ತೂತು ಎಷ್ಟು ಅಗಲ, ಎರಡು ಗೊತ್ತಾದರೆ ಸಾಕು. ವೇಟನ್ನು ಜೇಬಿಗೆ ಹಾಕಿಕೊಂಡು ಬೀದಿ ಕೊನೆಯ ದಿನಸಿ ಅಂಗಡಿಗೆ ಹೋದೆ. ಅಂಗಡಿಯವರು ತಕ್ಕಡಿಯ ಮೇಲಿಟ್ಟು "83 ಗ್ರಾಂ ಸಾರ್, ಗುಜರಿಗೆ ಹಾಕ್ತೀರಾ?" ಎಂದರು. ತೂತಿನ ಅಳತೆಗೆ ನನ್ನವಳ ಹೆಣಿಗೆ ಕಡ್ಡಿಗಳು ನೆರವಾದವು. ಅವುಗಳ ತಲೆಯ ಮೇಲೆ ಅಳತೆ ಕೆತ್ತಿರುತ್ತದೆ. 3.25 ಮಿಲಿಮೀಟರಿನದು ತೂತಿಗೆ ಮದುವೆ ಉಂಗುರದಂತೆ ಸರಿಯಾಗಿ ಕೂತಿತು. ಆ ಕಡ್ಡಿ ಅರ್ಧ ಹೆಣೆದ ಸ್ವೆಟರಿನಲ್ಲಿತ್ತು ಎಂಬುದು ಆಗ ಮುಖ್ಯ ಅನ್ನಿಸಲಿಲ್ಲ.

ತೂತಿನ ವಿಸ್ತೀರ್ಣ ಚದರ ಸೆಂಟಿಮೀಟರಿನ ನೂರರಲ್ಲಿ 8.3 ಭಾಗ. ಅದರ ಮೇಲೆ 83 ಗ್ರಾಂ. ಅಂದರೆ ಚದರ ಸೆಂಟಿಮೀಟರಿಗೆ ಸರಿಯಾಗಿ ಒಂದು ಕಿಲೋ! ಕಿಲೋಪಾಸ್ಕಲ್ ಲೆಕ್ಕದಲ್ಲಿ 98. ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚು ಒತ್ತಡ ಒಳಗೆ ತುಂಬಿದಾಗ ವೇಟ್ ಎದ್ದು ಕೂಗುತ್ತದೆ. ಖುಷಿಗೆ ಒಂದು ಲೋಟ ಕಾಫಿ ಮಾಡಿಕೊಂಡೆ.

ಇನ್ನು ಉಳಿದದ್ದು ಒತ್ತಡದಿಂದ ಉಷ್ಣತೆಗೆ ದಾಟುವುದು. ಇದಕ್ಕೆ ಸೇತುವೆ ಕಟ್ಟಿಕೊಟ್ಟವನು ಫ್ರಾನ್ಸಿನ ಎಂಜಿನಿಯರ್ ಕ್ಲಪೇರಾನ್, 1834ರಲ್ಲಿ. ಆಮೇಲೆ ಕ್ಲೌಸಿಯಸ್ ಅದನ್ನು ಗಟ್ಟಿ ಮಾಡಿದ. ಹಳೆಯ ನೋಟ್ಸ್ ಪುಸ್ತಕದಲ್ಲಿ ಜಿರಲೆ ತಿಂದ ಹಾಳೆಯ ಮೇಲೆ ಸೂತ್ರ ಸಿಕ್ಕಿತು:

dP/dT = L/(TΔV)

ಎಡಗಡೆಯದು ಉಷ್ಣತೆ ಒಂದು ಡಿಗ್ರಿ ಏರಿದರೆ ಹಬೆಯ ಒತ್ತಡ ಎಷ್ಟು ಏರುತ್ತದೆ ಎಂಬ ಏರುದರ. ಬಲಗಡೆ ಮೇಲಿರುವುದು ಗುಪ್ತೋಷ್ಣ. 100 ಡಿಗ್ರಿಯ ಒಂದು ಕಿಲೋ ನೀರು ಅಷ್ಟೇ ಡಿಗ್ರಿಯ ಹಬೆಯಾಗಲು 2257 ಕಿಲೋಜೂಲ್ ನುಂಗುತ್ತದೆ. ಆ ಹಬೆಗೆ 1.67 ಘನ ಮೀಟರ್ ಜಾಗ ಬೇಕು, ಅದರ ಮುಂದೆ ನೀರಿನದು ಲೆಕ್ಕಕ್ಕಿಲ್ಲ. ಉಷ್ಣತೆಯನ್ನು ಕೆಲ್ವಿನ್‌ನಲ್ಲಿ 373 ಎಂದು ಹಿಡಿದು ಭಾಗಿಸಿದರೆ ಡಿಗ್ರಿಗೆ 3.6 ಕಿಲೋಪಾಸ್ಕಲ್. 98ನ್ನು 3.6ರಿಂದ ಭಾಗಿಸಿದೆ, 27 ಬಂತು. ನೂರಕ್ಕೆ ಕೂಡಿಸಿದರೆ 127 ಡಿಗ್ರಿ!

ಬೇಯುವ ವೇಗ ಹತ್ತು ಡಿಗ್ರಿಗೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ ಎಂಬುದೊಂದು ಒರಟು ಲೆಕ್ಕ. ತೆರೆದ ಪಾತ್ರೆಯಲ್ಲಿ ನೆನೆಸಿದ ಕಡಲೆಗೆ ಒಂದು ಗಂಟೆ ಎಂದರೆ ಇಲ್ಲಿ ಒಂಬತ್ತೇ ನಿಮಿಷ. ಹಬೆಗೆ ಕಾಯುವುದೇಕೆ ಎಂದು ನೀರು ತಣ್ಣಗಿರುವಾಗಲೇ ವೇಟ್ ಹಾಕಿಬಿಟ್ಟೆ. ಒಂದು ಕೂಗಾಯಿತು, ಉರಿ ಸಣ್ಣ ಮಾಡಿದೆ. ವೇಟ್ ಎದ್ದ ಮೇಲೆ ಒತ್ತಡ ಇನ್ನು ಏರುವುದಿಲ್ಲ, ಮುಂದಿನ ಕೂಗೆಲ್ಲ ಗ್ಯಾಸ್ ದಂಡ ಎಂಬುದು ನನ್ನ ವಾದ. ವಾದದಲ್ಲಿ ತಪ್ಪಿಲ್ಲ, ಅದೇ ಆದ ಎಡವಟ್ಟು.

ಒಂಬತ್ತು ನಿಮಿಷ ಕಳೆದ ಮೇಲೆ ಕುಕ್ಕರನ್ನು ನಲ್ಲಿ ನೀರಿಗೆ ಹಿಡಿದು ಮುಚ್ಚಳ ತೆಗೆದೆ. ಅಷ್ಟರಲ್ಲಿ ಬಂದಿದ್ದ ಷಡ್ಡಕ ಒಂದು ಕಾಳು ಬಾಯಿಗೆ ಹಾಕಿಕೊಂಡ. ಕಟುಂ ಎಂದು ನನಗೂ ಕೇಳಿಸಿತು. "ಭಾವ, ಇದು ಹುರಿಗಡಲೆಯಾ?"

ಅವನನ್ನು ಪತ್ರಿಕೆಯ ಜೊತೆ ಕೂರಿಸಿ ಅಡುಗೆಮನೆಯಲ್ಲೇ ಮರುಪರಿಶೀಲನೆಗೆ ಕೂತೆ. ಮೊದಲ ತಪ್ಪು, 3.6 ಎಂಬ ದರ 100 ಡಿಗ್ರಿಯಲ್ಲಿ ಮಾತ್ರ ಸರಿ. ಮೇಲೆ ಹೋದಷ್ಟೂ ಹಬೆ ಒತ್ತೊತ್ತಾಗಿ ಕಡಿಮೆ ಜಾಗ ಹಿಡಿಯುತ್ತದೆ, ಭಾಜಕ ಸಣ್ಣದಾಗುತ್ತದೆ, ದರ ಕಡಿದಾಗುತ್ತದೆ. ನಂದಿ ಬೆಟ್ಟದ ಬುಡದ ಏರು ನೋಡಿ ತುದಿಯವರೆಗೂ ಹೀಗೇ ಅಂದುಕೊಂಡವನ ಗತಿ ನನ್ನದು. ಎರಡನೆಯದು, ನಾನಿರುವುದು ಸಮುದ್ರದ ದಡದಲ್ಲಲ್ಲ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 101 ಅಲ್ಲ, ಸುಮಾರು 91. ಹಾಗಾಗಿ ನೀರು ಕುದಿಯುವುದೇ 97 ಡಿಗ್ರಿಗೆ. ಅಲ್ಲಿಂದ ಹೊರಟು, ನಡುದಾರಿಯ 108 ಡಿಗ್ರಿಯಲ್ಲಿ ದರ ಎಷ್ಟು ಎಂದು ನೋಡಿದರೆ ಡಿಗ್ರಿಗೆ 4.55 ಕಿಲೋಪಾಸ್ಕಲ್. 98ಕ್ಕೆ ಇಪ್ಪತ್ತೊಂದೂವರೆ ಡಿಗ್ರಿ. ಕುಕ್ಕರಿನೊಳಗೆ 118.5.

ಷಡ್ಡಕ ಇಣುಕಿ "ಕಡ್ಡಿ ಅಳತೆ ತಪ್ಪಿದ್ದರೆ?" ಎಂದ. ಒಳ್ಳೆಯ ಪ್ರಶ್ನೆಯೇ. ತೂತು 3 ಮಿಲಿಮೀಟರೇ ಇದ್ದಿದ್ದರೆ ಒತ್ತಡ 17 ಕಿಲೋಪಾಸ್ಕಲ್ ಏರುತ್ತದೆ, ಉಷ್ಣತೆ ಏರುವುದು ಮೂರು ಡಿಗ್ರಿಗಿಂತ ಕಡಿಮೆ. ದರ ಕಡಿದಾಗಿರುವುದರ ಲಾಭ ಇದು. ಅಳತೆಯ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಆದರೆ 118 ಡಿಗ್ರಿಯಲ್ಲಿ ಒಂಬತ್ತು ನಿಮಿಷ ಬೆಂದ ಕಾಳು ಕಟುಂ ಅನ್ನಬಾರದು. ಅರೆಬೆಂದು ಮೆತ್ತಗಾದರೂ ಆಗಿರಬೇಕಿತ್ತು. ಕೊನೆಗೆ ನನ್ನವಳಿಗೆ ಫೋನು ಮಾಡಿದೆ. ಸೂತ್ರದ ಸುದ್ದಿ ಕೇಳುವ ತಾಳ್ಮೆ ಅವಳಿಗಿರಲಿಲ್ಲ. "ಹಬೆ ಬಂದ ಮೇಲೆ ತಾನೇ ವೇಟ್ ಹಾಕಿದ್ದು?"

ಅಲ್ಲಿತ್ತು ಗುಟ್ಟು. ಕ್ಲಪೇರಾನ್ ಹೇಳಿದ್ದು ಹಬೆಯ ಒತ್ತಡದ ಮಾತು. ವೇಟನ್ನು ಎತ್ತುವುದು ಹಬೆ ಮತ್ತು ಗಾಳಿ ಎರಡೂ ಸೇರಿ. ಮೊದಲೇ ವೇಟ್ ಹಾಕಿದ್ದರಿಂದ ಕುಕ್ಕರಿನ ಗಾಳಿ ಒಳಗೇ ಸಿಕ್ಕಿಹಾಕಿಕೊಂಡಿತು. 27 ಡಿಗ್ರಿಯಲ್ಲಿ 91 ಇದ್ದ ಅದರ ಒತ್ತಡ 93 ಡಿಗ್ರಿಗೆ ಕಾದಾಗ 111 ಆಗುತ್ತದೆ. 93 ಡಿಗ್ರಿಯ ಹಬೆಯದು 78. ಕೂಡಿಸಿ, 189. ವೇಟ್ ಏಳಲು ಬೇಕಾದದ್ದೂ ಹೊರಗಿನ 91, ವೇಟಿನ 98 ಸೇರಿ 189! ಗಾಳಿ ಸ್ವಲ್ಪವೂ ಸೋರಿಲ್ಲ ಎಂದುಕೊಂಡರೆ ನನ್ನ ಕುಕ್ಕರ್ ಕೂಗಿದ್ದು 93 ಡಿಗ್ರಿಯಲ್ಲಿ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗಿಂತ ತಣ್ಣಗೆ. ನಾಲ್ಕು ಕೂಗು ಕೂಗಿಸಿದ್ದರೆ ಒಂದೊಂದು ಕೂಗಿಗೂ ಒಂದಿಷ್ಟು ಗಾಳಿ ಹೊರಬಿದ್ದು ಬಿಸಿ ಏರುತ್ತಿತ್ತು. ನಾನು ಉರಿ ಸಣ್ಣ ಮಾಡಿ ಆ ದಾರಿಯನ್ನೂ ಮುಚ್ಚಿದ್ದೆ.

ಮತ್ತೆ ಒಲೆಗಿಟ್ಟೆ. ತೂತಿನಿಂದ ಮೊದಲು ಬಂದದ್ದು ಪುಸುಪುಸು ಮಿಶ್ರಣ. ಎರಡು ಮೂರು ನಿಮಿಷದ ಮೇಲೆ ಹಬೆ ಕಡ್ಡಿಯಂತೆ ನೆಟ್ಟಗೆ ನಿಂತಿತು, ಆಗ ವೇಟ್ ಹಾಕಿದೆ. ಒಂದು ಕೂಗು, ಸಣ್ಣ ಉರಿ, ಹದಿನೈದು ನಿಮಿಷ. ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆ. ಷಡ್ಡಕ ಹುಳಿಯನ್ನು ಎರಡನೆಯ ಸಲ ಬಡಿಸಿಕೊಂಡ. ಒಂದೇ ಕೂಗಲ್ಲಿ ಬೇಯಿಸಿದೆ ಎಂದು ನಾನು ಎರಡು ಸಲ ಹೇಳಿದೆ.

ಸೋಮವಾರ ನನ್ನವಳು ಬಂದಳು. ಕುಕ್ಕರ್ ನೋಡಿದಳು, ವೇಟ್ ನೋಡಿದಳು, ತಲೆದೂಗಿದಳು. ಆಮೇಲೆ ಕೋಣೆಯಿಂದ ಕೂಗು ಬಂತು. ಅದಕ್ಕೆ ವೇಟ್ ಇರಲಿಲ್ಲ.

"ರೀ, ಸ್ವೆಟರಿನ ಕಡ್ಡಿ ಎಲ್ಲಿ?"