1 ಟಿಬಿ ಸಾಕಾ ಅಂತ ಕೇಳೋ ಮುಂಚೆ ಬಿಟ್‌ರೇಟ್ ಎಷ್ಟು ಅಂತ ನೋಡ್ಕೊಳ್ಳಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಗೆಳೆಯನೊಬ್ಬ ಹಿರಿಯ ಕಲಾವಿದರ ಸಂದರ್ಶನಗಳನ್ನ ರೆಕಾರ್ಡ್ ಮಾಡ್ತಿದಾನೆ. ಒಟ್ಟು 60 ಗಂಟೆ ಆಗತ್ತೆ ಅಂತ ಶುರುವಿನಲ್ಲೇ ಲೆಕ್ಕ ಹಾಕಿದ್ದ, ಎರಡು ಕ್ಯಾಮೆರಾ, ಧ್ವನಿಗೆ ಬೇರೆ ರೆಕಾರ್ಡರ್, ಎಲ್ಲಾ ಅಚ್ಚುಕಟ್ಟು. ಡಿಸ್ಕ್ ತಗೊಳ್ಳೋವಾಗ ಮಾತ್ರ ಮಾರೋರು "ಫುಲ್ ಎಚ್‌ಡಿ ತಾನೇ ಸಾರ್, 2 ಟಿಬಿ ಧಾರಾಳ ಆಯ್ತು" ಅಂದ್ರಂತೆ, ಇವನೂ ನಂಬಿ ತಗೊಂಡು ಬಂದ. ಇನ್ನೂ 18 ಗಂಟೆ ಸಂದರ್ಶನ ಬಾಕಿ ಇರೋವಾಗ್ಲೇ ಆ ಡಿಸ್ಕ್ ತುಂಬಿ ಹೋಗಿದೆ. ಕ್ಯಾಮೆರಾ ಕಾರ್ಡ್ ಖಾಲಿ ಮಾಡೋಕೆ ಕೂತಿದಾನೆ, ಕಾಪಿ ಅರ್ಧಕ್ಕೆ ನಿಂತು ಜಾಗ ಇಲ್ಲ ಅಂತಿದೆ, ಬೆಳಿಗ್ಗೆ ಅದೇ ಕಾರ್ಡ್ ಹಾಕ್ಕೊಂಡು ಶೂಟ್‌ಗೆ ಹೋಗ್ಬೇಕು.

ಫುಲ್ ಎಚ್‌ಡಿ ಅಂದ್ರೆ ಎಷ್ಟು ಜಾಗ, 4ಕೆ ಅಂದ್ರೆ ಎಷ್ಟು ಜಾಗ ಅನ್ನೋ ಈ ಪ್ರಶ್ನೆಯೇ ತಪ್ಪು ಮಾರಾಯ್ರೆ. ಚಿತ್ರದ ಅಗಲ ಎತ್ತರ ನೋಡಿ ಫೈಲ್ ಎಷ್ಟು ದೊಡ್ಡದು ಅಂತ ಹೇಳೋಕೆ ಬರಲ್ಲ. ಒಂದೇ 4ಕೆ, ಒಬ್ಬರು 60 Mbps ಇಟ್ಕೊಂಡು ಮಾಡ್ತಾರೆ, ಇನ್ನೊಬ್ಬರು 150 ಇಟ್ಕೊಂಡು. ಮೊದಲನೇಯವರ 1 ಟಿಬಿ ಡಿಸ್ಕ್‌ನಲ್ಲಿ 37 ಗಂಟೆ ಹಿಡಿಸತ್ತೆ, ಎರಡನೇಯವರಿಗೆ 15 ಗಂಟೆಯೂ ಪೂರ್ತಿ ಬರಲ್ಲ. ಬೇಕಾಗಿರೋದು ಎರಡೇ ವಿಷ್ಯ, ಬಿಟ್‌ರೇಟ್ ಎಷ್ಟು, ಎಷ್ಟು ಗಂಟೆ.

ಲೆಕ್ಕವೂ ಕಷ್ಟದ್ದೇನಲ್ಲ. ಬಿಟ್‌ರೇಟ್ ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೀತಿದೆ ಅಂತ. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿ, ಗಂಟೆಗೆ 3600 ಸೆಕೆಂಡು ಅಂತ ಗುಣಿಸಿದ್ರೆ ಮೆಗಾಬೈಟ್ ಸಿಗತ್ತೆ, ಸಾವಿರದಿಂದ ಭಾಗಿಸಿದ್ರೆ ಜಿಬಿ. ಇದನ್ನೆಲ್ಲ ಸೇರಿಸಿ ಒಂದೇ ಸಂಖ್ಯೆ ನೆನಪಿಟ್ಕೊಂಡ್ರೆ ಸಾಕು, 0.45. ನಿಮ್ಮ Mbps ಅನ್ನ 0.45ರಿಂದ ಗುಣಿಸಿ, ಗಂಟೆಗೆ ಎಷ್ಟು ಜಿಬಿ ಅಂತ ಬಂತು. 50 ಇದ್ರೆ 22.5 ಜಿಬಿ, 100 ಇದ್ರೆ 45.

ಆ 8ರ ಭಾಗಾಕಾರ ಮರೆತು ಮೆಗಾಬಿಟ್ಟನ್ನೇ ಮೆಗಾಬೈಟ್ ಅಂದ್ಕೊಂಡ್ರೆ 50 Mbps ಗಂಟೆಗೆ 180 ಜಿಬಿ ಥರ ಕಾಣ್ಸತ್ತೆ. ಹಾಗೆ ಗಾಬರಿಯಾಗಿ ಕ್ವಾಲಿಟಿ ಇಳಿಸಿ ರೆಕಾರ್ಡ್ ಮಾಡಿದವರೂ ನನಗೆ ಗೊತ್ತು, ಆಮೇಲೆ ಕಳ್ಕೊಂಡ ಚಿತ್ರ ವಾಪಸ್ ಬರಲ್ಲ. b ಚಿಕ್ಕದಿದ್ರೆ ಬಿಟ್, B ದೊಡ್ಡದಿದ್ರೆ ಬೈಟ್. ದಯವಿಟ್ಟು ನೋಡ್ಕೊಳ್ಳಿ.

ಈಗ ಗೆಳೆಯನ ಲೆಕ್ಕಕ್ಕೆ ಬರ್ತೀನಿ. ಅವನ ಕ್ಯಾಮೆರಾ ಮೆನುನಲ್ಲಿ 50 Mbps ಅಂತಿದೆ. ಆದ್ರೆ ಆ 50 ಬರೀ ಚಿತ್ರದ್ದು, ಅದರ ಜೊತೆಗೇ ಕ್ಯಾಮೆರಾ ಕುಗ್ಗಿಸದೇ ಇರೋ ಧ್ವನಿಯನ್ನೂ ಅದೇ ಫೈಲಿಗೆ ತುಂಬ್ತಿದೆ, 16 ಬಿಟ್ 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದ್ರೆ ಇನ್ನೂ ಒಂದೂವರೆ ಮೆಗಾಬಿಟ್ ಸೇರ್ತು. ಇದಕ್ಕೇ ನಾನು ಮೆನುನ ಪೂರ್ತಿ ನಂಬೋದಿಲ್ಲ. ಹತ್ತು ನಿಮಿಷ ರೆಕಾರ್ಡ್ ಮಾಡಿದ ಒಂದು ಫೈಲ್ ತೆಗ್ಸಿ ವಿಂಡೋಸ್‌ನಲ್ಲಿ ಪ್ರಾಪರ್ಟೀಸ್ ನೋಡಿಸ್ದೆ. 3.60 GB ಅಂತ ಬರೆದು, ಪಕ್ಕದಲ್ಲಿ 3,870,000,000ದ ಆಸುಪಾಸು ಬೈಟ್ ಅಂತ ತೋರಿಸ್ತು. ಆ ಉದ್ದದ ಸಂಖ್ಯೆ ಇದ್ಯಲ್ಲ, ಅದನ್ನ ಹಿಡ್ಕೊಳ್ಳಿ, 3.60 ಬಿಟ್ಬಿಡಿ. ಯಾಕಂದ್ರೆ ವಿಂಡೋಸ್ ಒಂದು GB ಅಂತ ಎಣಿಸೋದು 107 ಕೋಟಿ ಚಿಲ್ಲರೆ ಬೈಟಿಗೆ, ಡಿಸ್ಕ್ ಮಾಡೋರು ಎಣಿಸೋದು ಸರಿಯಾಗಿ 100 ಕೋಟಿಗೆ. ಅದಕ್ಕೇ 2 ಟಿಬಿ ಡಿಸ್ಕ್ ಚುಚ್ಚಿದ್ರೆ 1.81 ಅಂತ ತೋರ್ಸೋದು, ಯಾರೂ ಕದ್ದಿಲ್ಲ. ಆದ್ರೆ ಫೈಲ್ ಒಂದು ಅಳತೆಯಲ್ಲಿ, ಡಿಸ್ಕ್ ಇನ್ನೊಂದು ಅಳತೆಯಲ್ಲಿ ಹಿಡಿದ್ರೆ ಲೆಕ್ಕದಲ್ಲಿ ಏಳು ಪರ್ಸೆಂಟ್ ಹತ್ರ ಜಾರಿ ಹೋಗತ್ತೆ, ಟಿಬಿ ಲೆಕ್ಕಕ್ಕೆ ಬಂದ್ರೆ ಇನ್ನೂ ಜಾಸ್ತಿ.

ಹತ್ತು ನಿಮಿಷಕ್ಕೆ 3.87 ಜಿಬಿ ಅಂದ್ರೆ ಗಂಟೆಗೆ 23.2. ಎರಡು ಕ್ಯಾಮೆರಾಗೆ 46.4. ಬೇರೆ ರೆಕಾರ್ಡರ್‌ನ 24 ಬಿಟ್ ಸ್ಟೀರಿಯೋ ಗಂಟೆಗೆ ಸುಮಾರು 1 ಜಿಬಿ. ಒಟ್ಟು 47.5 ಅಂತ ಇಟ್ಕೊಳ್ಳಿ. 60 ಗಂಟೆಗೆ 2,850 ಜಿಬಿ! ತಗೊಂಡಿದ್ದು 2,000ದ್ದು. ಅದನ್ನ 47.5ರಿಂದ ಭಾಗಿಸಿದ್ರೆ 42 ಗಂಟೆ. ಸರಿಯಾಗಿ ಅಲ್ಲಿಗೇ ನಿಂತಿದೆ. ಮೊದಲ ದಿನವೇ ಕಾಗದದ ಮೇಲೆ ಕಾಣ್ತಿದ್ದ ವಿಷ್ಯ ಇದು, ಐದು ನಿಮಿಷದ ಕೆಲ್ಸ, ಯಾರೂ ಮಾಡ್ಲಿಲ್ಲ ಅನ್ನೋದೇ ನನಗೆ ತಡ್ಕೊಳ್ಳೋಕಾಗ್ತಿಲ್ಲ.

ಟೆಸ್ಟ್ ಮಾಡೋವಾಗ ಇನ್ನೊಂದು ಗಮನಿಸಿ. ಕೆಲವು ಕ್ಯಾಮೆರಾ, ಸಾಫ್ಟ್‌ವೇರ್‌ಗಳಲ್ಲಿ ಬಿಟ್‌ರೇಟ್ ಒಂದೇ ಸಮ ಇರಲ್ಲ, ದೃಶ್ಯ ನೋಡ್ಕೊಂಡು ಏರಿಳಿಯತ್ತೆ. OBSನಲ್ಲಿ CQP ಅಥವಾ CRF ಆರಿಸಿದ್ರೆ ಬಿಟ್‌ರೇಟ್ ಅಂತ ಒಂದು ಸಂಖ್ಯೆಯೇ ಇರಲ್ಲ, ನೀವು ಹೇಳೋದು ಬರೀ ಕ್ವಾಲಿಟಿ ಎಷ್ಟು ಅಂತ. ಖಾಲಿ ಗೋಡೆ ಮುಂದೆ ಕೂತು ಮಾತಾಡೋರ ಫೈಲು ಚಿಕ್ಕದಾಗತ್ತೆ, ಹಿಂದೆ ಗಾಳಿಗೆ ಮರದ ಎಲೆ ಅಲ್ಲಾಡ್ತಿದ್ರೆ ಅಥವಾ ಕತ್ತಲಲ್ಲಿ ಚಿತ್ರದಲ್ಲಿ ಕಾಳುಕಾಳು ಬಂದ್ರೆ ಅದೇ ಹತ್ತು ನಿಮಿಷ ಎಷ್ಟೋ ಪಾಲು ಉಬ್ಬತ್ತೆ. ಹಾಗಾಗಿ ಸುಲಭದ ದೃಶ್ಯ ಇಟ್ಟು ಟೆಸ್ಟ್ ಮಾಡ್ಬೇಡಿ, ನಿಮ್ಮ ಶೂಟ್‌ನಲ್ಲಿ ಬರೋ ಅತಿ ಗಜಿಬಿಜಿ ದೃಶ್ಯನೇ ಇಡಿ.

"ಇಷ್ಟೆಲ್ಲ ಯಾಕೆ, ದೊಡ್ಡ ಡಿಸ್ಕ್ ತಗೊಂಡ್ರೆ ಮುಗೀತು" ಅಂತ ಕಾಮೆಂಟ್ ಹಾಕೋರು ಇರ್ತೀರಿ, ಗೊತ್ತು. ದೊಡ್ಡದು ಅಂದ್ರೆ ಎಷ್ಟು ದೊಡ್ಡದು? ಗೆಳೆಯನೂ 2 ಟಿಬಿ ದೊಡ್ಡದು ಅಂತಾನೇ ತಗೊಂಡಿದ್ದ. ಅದೂ ಅಲ್ದೆ ಮತ್ತೆ ಸಿಗದ ಮಾತುಗಳನ್ನ ಒಂದೇ ಡಿಸ್ಕ್‌ನಲ್ಲಿ ಇಡೋಕಾಗತ್ತಾ? ಎರಡು ಪ್ರತಿ ಬೇಕೇ ಬೇಕು, ಅಂದ್ರೆ 2,850 ಅಲ್ಲ, 5,700. ಇವನ ಹತ್ರ ಈಗಿರೋ 42 ಗಂಟೆಗೂ ಎರಡನೇ ಪ್ರತಿ ಇಲ್ಲ ಅಂತ ಗೊತ್ತಾದಾಗ ನನಗೆ ಎದೆ ಧಸಕ್ ಅಂತು.

ಈಗ ಅವನಿಗೆ ಹೇಳಿರೋದು ಇಷ್ಟು. ಬಾಕಿ 18 ಗಂಟೆಗೆ 855 ಜಿಬಿ, ಅದಕ್ಕೆ 1 ಟಿಬಿಯ ಒಂದು ಡಿಸ್ಕ್, ಚೂರು ಜಾಗವೂ ಉಳಿಯತ್ತೆ. ಹಳೇ 2 ಟಿಬಿ ಜೊತೆ ಸೇರಿ ಅದು ಮೊದಲ ಪ್ರತಿ. ಎರಡನೇ ಪ್ರತಿಗೆ 4 ಟಿಬಿಯದೊಂದು, 60 ಗಂಟೆಯೂ ಅದರಲ್ಲೇ ಕೂರತ್ತೆ, ಆಮೇಲೆ ಎಡಿಟ್ ಮಾಡಿದ ಫೈಲಿಗೂ ಸಾವಿರ ಜಿಬಿ ಮೇಲೇ ಉಳಿಯತ್ತೆ. 4 ಟಿಬಿಯದನ್ನೇ ಮೊದಲು ತಂದು ಈಗಿರೋದನ್ನ ಕಾಪಿಗೆ ಹಾಕು, ಅದು ಮುಗಿದು ನಾಲ್ಕಾರು ಫೈಲ್ ತೆರೆದು ನೋಡೋವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡ್ಬೇಡ ಅಂದಿದೀನಿ.